ಗಂಬೂಟಿಗೂ ಅಳತೆ ಕೊಡಬೇಕಾ?

ಇಂಗ್ಲೆಂಡಿನ ಸಾಮರ್ಸೆಟ್‌ಗೆ ಬಂದ ಮೊದಲ ಚಳಿಗಾಲದಲ್ಲೇ ಒಂದು ವಿಷಯ ಗೊತ್ತಾಯಿತು. ಇಲ್ಲಿ ಮಳೆಗಿಂತ ಮಳೆ ನಿಂತ ಮೇಲಿನ ಕೆಸರು ಜಾಸ್ತಿ ಕಾಟ. ನಮ್ಮ ಮನೆಯ ಹಿಂದಿನ ಕಾಲುದಾರಿ ದನ ಮೇಯುವ ಹೊಲದ ನಡುವೆಯೇ ಹೋಗುತ್ತದೆ, ನವೆಂಬರಿನಿಂದ ಮಾರ್ಚಿನವರೆಗೆ ಅದು ದಾರಿಯಲ್ಲ, ನಾಟಿಗೆ ಉತ್ತ ಗದ್ದೆ. ಹಾಗಾಗಿ ಇಲ್ಲಿ ಎಲ್ಲರ ಬಾಗಿಲ ಬಳಿಯೂ ಒಂದು ಜೊತೆ ವೆಲ್ಲಿ ಇದ್ದೇ ಇರುತ್ತದೆ. ವೆಲ್ಲಿ ಅಂದರೆ ವೆಲಿಂಗ್ಟನ್ ಬೂಟು. ವಾಟರ್ಲೂ ಯುದ್ಧ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್ ಹೆಸರಿನದು, ಅವನ ಕಾಲದಲ್ಲಿ ಅದು ಚರ್ಮದ್ದು. ರಬ್ಬರಿನದು ಬಂದಿದ್ದು ಆಮೇಲೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗಂಬೂಟು, ಅಷ್ಟೇ.

ಗಂಬೂಟು ನನಗೇನು ಹೊಸದಲ್ಲ. ತೀರ್ಥಹಳ್ಳಿ ಕಡೆಯವಳು ನಾನು, ಅಪ್ಪ ತೋಟಕ್ಕೆ ಇಳಿಯುವಾಗ ಇಂಬಳಕ್ಕೆ ಹೆದರಿ ಹಾಕಿಕೊಳ್ಳುತ್ತಿದ್ದರು. ಪೇಟೆಯಲ್ಲಿ ನಂಬರ್ ಹೇಳಿದರೆ ಕೊಡುತ್ತಿದ್ದರು, ತಂದು ಹಾಕಿದರೆ ಮುಗಿಯಿತು. ಇಲ್ಲಿಯ ಅಂಗಡಿಯಲ್ಲಿ ಮಾತ್ರ ಡಬ್ಬದ ಮೇಲೆ ನಂಬರ್ ಪಕ್ಕದಲ್ಲಿ 'ಕಾಫ್ 39.5' ಅಂತ ಬರೆದಿತ್ತು. ಕಾಫ್ ಅಂದರೆ ಕರು ಅಲ್ವಾ, ರಬ್ಬರ್ ಬೂಟಿಗೆ ಕರುವಿನ ಚರ್ಮ ಯಾಕೆ ಹಾಕಿದ್ದಾರೋ ಅಂದುಕೊಂಡೆ. ಅದು ಮೀನಖಂಡದ ಸುತ್ತಳತೆ ಅಂತ ತಿಳಿದಿದ್ದು ಮನೆಗೆ ಬಂದು, ಬೂಟು ಕಾಲಿಗೆ ಕಚ್ಚಿಕೊಂಡ ಮೇಲೆ.

ಆಗಿದ್ದು ಇಷ್ಟು. ಅಂಗಡಿಯಲ್ಲಿ ತೆಳು ಲೆಗ್ಗಿಂಗ್ಸು, ತೆಳು ಸಾಕ್ಸು ಹಾಕಿಕೊಂಡು ನಂಬರ್ 5 ಹಾಕಿ ನೋಡಿದೆ. ಸರಾಗವಾಗಿ ಹೋಯಿತು. ಮರುದಿನ ಚಳಿ ಇತ್ತು, ಜೀನ್ಸು ಮತ್ತು ದಪ್ಪ ಉಣ್ಣೆ ಸಾಕ್ಸಿನ ಮೇಲೆ ಅದನ್ನೇ ತುರುಕಿ ಹೊಲಕ್ಕೆ ಹೋಗಿ ಬಂದೆ. ತೆಗೆಯೋಣ ಅಂದರೆ ಬರಲೇ ಇಲ್ಲ. ನಾನು ಮೆಟ್ಟಿಲ ಮೇಲೆ ಕೂತು ಕಂಬಿ ಹಿಡಿದುಕೊಂಡೆ, ನಮ್ಮವರು ಬೂಟಿನ ಹಿಮ್ಮಡಿ ಹಿಡಿದು ಎಳೆದರು, ಕೊನೆಗೆ ಬೂಟು ಬಂತು, ಜೊತೆಗೆ ಅವರೂ ಹಿಂದಕ್ಕೆ ಬಿದ್ದರು. ಕಾಲಿನ ಸುತ್ತ ಬಳೆ ತೊಟ್ಟ ಹಾಗೆ ಕೆಂಪು ಗೆರೆ. ಬೆರಳುಗಳೆಲ್ಲ ಜೋಮು ಹಿಡಿದಿದ್ದವು.

ತಪ್ಪು ನನ್ನದೇ. ಸಾಕ್ಸಿನ ದಪ್ಪ ಅಂದರೆ ಏನು ಮಹಾ, ಮೂರು ಮಿಲಿಮೀಟರ್, ಅಂದುಕೊಂಡಿದ್ದೆ. ಆದರೆ ಅದು ಕಾಲಿನ ಸುತ್ತಲೂ ಇರುತ್ತದಲ್ಲ. ಒಂದು ಕಡೆ ಮೂರು, ಎದುರು ಕಡೆ ಮೂರು, ಅಡ್ಡಳತೆಗೆ ಆರು ಮಿಲಿಮೀಟರ್ ಸೇರಿತು. ಸುತ್ತಳತೆಗೆ ಅದರ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಹತ್ತಿರ ಹತ್ತಿರ ಎರಡು ಸೆಂಟಿಮೀಟರ್. ನನ್ನ ಬರಿಗಾಲಿನ ಮೀನಖಂಡ 38.5. ಸಾಕ್ಸ್ ಸೇರಿ 40.4 ಆಯಿತು. ಜೀನ್ಸಿನ ಬಟ್ಟೆ ಒಂದು ಮಿಲಿಮೀಟರ್ ಅಂದರೂ ಇನ್ನೊಂದು ಅರ್ಧ ಸೆಂಟಿಮೀಟರಿನ ಮೇಲೆ. 41 ದಾಟಿತು, ಅದರ ಮೇಲೆ ಜೀನ್ಸು ಮಡಚಿಕೊಂಡ ಕಡೆ ಇನ್ನೊಂದಿಷ್ಟು. ಬೂಟು 39.5. ಕುದುರೆ ಸವಾರಿಯ ಚರ್ಮದ ಬೂಟಾದರೆ ಹಾಕುತ್ತಾ ಹಾಕುತ್ತಾ ಕಾಲಿಗೆ ಒಗ್ಗಿಕೊಳ್ಳುತ್ತದೆ. ರಬ್ಬರ್ ಹಾಗಲ್ಲ. ಒಳಗೆ ಬಟ್ಟೆಯ ಅಸ್ತರಿ ಬೇರೆ ಅಂಟಿಸಿರುತ್ತಾರೆ, ವರ್ಷವಾದರೂ ಅಷ್ಟೇ ಇರುತ್ತದೆ.

ಇಷ್ಟೆಲ್ಲ ಆದ ಮೇಲೂ ನನಗೆ ಬುದ್ಧಿ ಬಂತು ಅಂತಲ್ಲ. ಮೀನಖಂಡಕ್ಕೆ ಬಿಗಿ ಅಲ್ವಾ, ದೊಡ್ಡ ನಂಬರ್ ತಗೊಂಡರೆ ಆಯಿತು ಅಂತ ಸೀದಾ ನಂಬರ್ 7ಕ್ಕೆ ಹಾರಿದೆ. ಹೌದು, ಮೇಲೆ ಸಡಿಲವಾಯಿತು. ಆದರೆ ಪಾದಕ್ಕೆ? ಇಲ್ಲಿಯ ನಂಬರ್‌ಗಳ ನಡುವಿನ ಅಂತರ ಒಂದು ಬಾರ್ಲಿ ಕಾಳಿನ ಉದ್ದ, ಹಳೆಯ ಕಾಲದ ಅಳತೆ, ಇಂಚಿನ ಮೂರನೇ ಒಂದು ಭಾಗ. ಸುಮಾರು 8.5 ಮಿಲಿಮೀಟರ್. ಎರಡು ನಂಬರ್ ಮೇಲೆ ಹೋದರೆ 17 ಮಿಲಿಮೀಟರ್ ಉದ್ದ ಜಾಸ್ತಿ. ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಮೇಲೆ ಏಳುತ್ತಿತ್ತು. ಗೇಟಿನ ಬಾಯಲ್ಲಿ ದನಗಳು ತುಳಿದ ಕೆಸರಿತ್ತು, ಬಲಗಾಲು ಎತ್ತಿದೆ, ಬೂಟು ಅಲ್ಲೇ ಉಳಿಯಿತು. ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲೋದು? ಬಿಳಿ ಉಣ್ಣೆ ಸಾಕ್ಸು ಸೀದಾ ಸಗಣಿ ಕೆಸರಿಗೆ.

ಪಕ್ಕದ ಹೊಲದ ಅಜ್ಜಿ ದೂರದಿಂದಲೇ ನೋಡಿ ನಕ್ಕರು. ಕಾಲು ನೇರ ಮೇಲಕ್ಕೆ ಎತ್ತಬೇಡ, ಮೊದಲು ಹಿಮ್ಮಡಿ ಸ್ವಲ್ಪ ಎತ್ತಿ ಅಲ್ಲಾಡಿಸು, ಕೆಳಗೆ ಗಾಳಿ ಹೋದರೆ ಕೆಸರು ಬಿಡುತ್ತದೆ ಅಂತ ಹೇಳಿಕೊಟ್ಟರು. ಆಮೇಲೆ ಮನೆಗೆ ಕರೆದು ಟೀ ಕೊಟ್ಟು ಅಳತೆ ತೆಗೆಯುವುದನ್ನೂ ತೋರಿಸಿದರು. ಸಂಜೆ ಹೊತ್ತು ತೆಗೆಯಬೇಕಂತೆ, ದಿನವೆಲ್ಲ ಓಡಾಡಿ ಕಾಲು ಸ್ವಲ್ಪ ಊದಿರುತ್ತದೆ. ಹೊರಗೆ ಹೋಗುವಾಗ ಹಾಕುವ ಸಾಕ್ಸು, ಜೀನ್ಸು ಹಾಕಿಕೊಂಡೇ ಕುರ್ಚಿಯ ಮೇಲೆ ಕೂರಬೇಕು, ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಮೀನಖಂಡ ಎಲ್ಲಿ ಅತಿ ದಪ್ಪವೋ ಅಲ್ಲಿ ಟೇಪು ಸುತ್ತಬೇಕು, ಬಿಗಿಯಬಾರದು. ಎರಡೂ ಕಾಲು ಅಳೆಯಬೇಕು. ನನ್ನ ಎಡಗಾಲು ಅರ್ಧ ಸೆಂಟಿಮೀಟರ್ ದಪ್ಪ ಅಂತ ಆವತ್ತೇ ಗೊತ್ತಾಗಿದ್ದು. ಅದೇ ದಪ್ಪ ಜಾಗ ನೆಲದಿಂದ ಎಷ್ಟು ಎತ್ತರ ಅಂತಲೂ ಬರೆದುಕೊಳ್ಳಬೇಕು, ಯಾಕೆಂದರೆ ಗಿಡ್ಡ ಬೂಟಿನ ಬಾಯಿ ಅಲ್ಲಿಯವರೆಗೆ ಬರುವುದೇ ಇಲ್ಲ, ಆಗ ಈ ಲೆಕ್ಕವೇ ಬೇಡ.

ಡಬ್ಬದ ಮೇಲೆ ಕಾಫ್ ಬರೆದಿಲ್ಲ ಅಂದರೂ ದಾರಿ ಇದೆ. ಬೂಟಿನ ಬಾಯನ್ನು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಒಳಗಿನ ಅಗಲ ಅಳೆದು ಎರಡರಿಂದ ಗುಣಿಸಿ. ಬಂದ ಸಂಖ್ಯೆ ನಿಮ್ಮ ಬಟ್ಟೆ ಸಮೇತದ ಅಳತೆಗಿಂತ ಒಂದೆರಡು ಸೆಂಟಿಮೀಟರ್ ಜಾಸ್ತಿ ಇರಬೇಕು, ಒಂದು ಬೆರಳು ಆರಾಮಾಗಿ ತೂರುವಷ್ಟು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಮಳೆ ನೀರು ಒಳಗೇ ಇಳಿಯುತ್ತದೆ.

ಕೊನೆಗೆ ತಗೊಂಡಿದ್ದು ಅಗಲ ಮೀನಖಂಡದವರಿಗೆ ಅಂತಲೇ ಮಾಡಿದ ಬೂಟು, ಬಾಯಿ 43, ನಂಬರ್ 6. ನನ್ನ ಪಾದ 24.2 ಸೆಂಟಿಮೀಟರ್, ಲೆಕ್ಕಕ್ಕೆ ಐದೂವರೆ. ವೆಲ್ಲಿಗಳಲ್ಲಿ ಅರ್ಧ ನಂಬರ್ ಸಿಗುವುದು ಕಡಿಮೆ. ದಪ್ಪ ಸಾಕ್ಸು ಆ ಅರ್ಧವನ್ನು ತುಂಬುತ್ತದೆ, ಹಾಗಾಗಿ 6 ಸರಿ ಹೋಯಿತು. ನಡೆಯುವಾಗ ಹಿಮ್ಮಡಿ ಒಂಚೂರು ಏಳುತ್ತದೆ, ಲೇಸಿಲ್ಲದ ಬೂಟಿಗೆ ಅಷ್ಟು ಇದ್ದೇ ಇರುತ್ತದೆ. ಎರಡೆರಡು ಸಾಕ್ಸು ತುರುಕಿದರೆ ಬೆಚ್ಚಗಿರುತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಬಿಗಿಯಾದರೆ ಉಣ್ಣೆಯೊಳಗೆ ಗಾಳಿ ನಿಲ್ಲುವುದಿಲ್ಲ, ರಕ್ತವೂ ಸರಿಯಾಗಿ ಓಡುವುದಿಲ್ಲ, ಕಾಲು ಇನ್ನೂ ತಣ್ಣಗಾಗುತ್ತದೆ.

ಇದನ್ನೆಲ್ಲ ಫೋನಲ್ಲಿ ಅಮ್ಮನಿಗೆ ಹೇಳಿದರೆ, "ಗಂಬೂಟಿಗೂ ಅಳತೆ ಕೊಡಬೇಕಾ? ಅದೇನು ರವಿಕೆಯಾ?" ಅಂದಳು. ಹಿಂದಿನಿಂದ ಅಪ್ಪ, "ನಾನು ಪಂಚೆ ಎತ್ತಿಕಟ್ಟಿ ಬರಿಗಾಲಿಗೇ ಹಾಕೋನು, ನಂಗೆ ಬಿಗಿಯಾಗೋ ಮಾತೆಲ್ಲಿ, ಬಾಯಿ ದೊಡ್ಡದಾಗಿ ಇಂಬಳ ಒಳಗೇ ಇಳಿಯತ್ತೆ ಮಾರಾಯ್ತಿ" ಅಂದರು. ಅವರಿಗೂ ಬಾಯಿ ಸಣ್ಣ ಇರುವ ಜೊತೆ ಬೇಕಂತೆ, ಬರುವಾಗ ತಾ ಅಂತ. ಅಳತೆ ಕಳಿಸಿ ಅಂದೆ. ಮರುದಿನ ವಾಟ್ಸಾಪಿನಲ್ಲಿ ಫೋಟೋ ಬಂತು. ಅಪ್ಪನ ಮೀನಖಂಡಕ್ಕೆ ಬಾಳೆನಾರು ಸುತ್ತಿ, ಗಂಟು ಹಾಕಿ, ಬಿಡಿಸಿ ಜಗಲಿಯ ಮೇಲೆ ಇಟ್ಟಿದ್ದಾರೆ. ಪಕ್ಕದಲ್ಲಿ ಸ್ಕೇಲೂ ಇಲ್ಲ, ಬೆಂಕಿಪೊಟ್ಟಣವೂ ಇಲ್ಲ.