‘ನಂಗೇನೂ ಆಕ್ಷೇಪಣೆ ಇಲ್ಲಪ್ಪ’

ನಾನು ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕ. ಹಳಬರು ಈಗಲೂ ಲೈಬ್ರರಿ ಅಂತಲೇ ಕರೆಯುತ್ತಾರೆ. ನಮ್ಮ ಬಾಗಿಲ ಪಕ್ಕದಲ್ಲೇ ಪಂಚಾಯಿತಿ ನೋಟಿಸ್ ಬೋರ್ಡ್ ಇದೆ. ಹಾಗಾಗಿ ಬೋರ್ಡಿನಲ್ಲಿ ಏನು ಬಿದ್ದರೂ ಅದನ್ನು ಓದಿ ಹೇಳುವ ಕೆಲಸ ಸಂಬಳವಿಲ್ಲದೆ ನನ್ನ ಪಾಲಿಗೆ ಬಂದಿದೆ.

ಆ ವರ್ಷ ಅಕ್ಟೋಬರ್ ಮಳೆ ಬಿಡಲೇ ಇಲ್ಲ. ತೆನೆ ಬಲಿತ ಮೆಕ್ಕೆಜೋಳ ಮಲಗಿತು. ರಾಗಿ ನಿಂತಲ್ಲೇ ಮೊಳಕೆ ಒಡೆಯಿತು. ಬೆಳೆ ಹಾನಿ ಸರ್ವೆ ಮುಗಿದು, ನವೆಂಬರ್ 14ರ ಶುಕ್ರವಾರ ಬೋರ್ಡಿಗೆ ಒಂದು ಪಟ್ಟಿಯೂ ಅದರ ಮೇಲೊಂದು ಸುತ್ತೋಲೆಯೂ ಬಂದವು. ಮಾರನೇ ದಿನ ಬೆಳಿಗ್ಗೆ ಕೆಳಗಿನ ಕೇರಿಯ ಅಜ್ಜ ಒಬ್ಬರು ಕನ್ನಡಕ ಏರಿಸಿಕೊಂಡು ಅದನ್ನು ಮೇಲಿಂದ ಕೆಳಗೆ ಓದಿದರು. ಅವರದ್ದು ಮೂರು ಎಕರೆ ಮೆಕ್ಕೆಜೋಳ ನೆಲ ಕಚ್ಚಿತ್ತು. ಪಟ್ಟಿಯಲ್ಲಿ ಹೆಸರಿರಲಿಲ್ಲ.

“ಹೆಸರಿಲ್ಲ ಅಲ್ವಾ ಅಜ್ಜ, ಅರ್ಜಿ ಕೊಡ್ತೀರಾ?” ಎಂದೆ.

“ನಂಗೇನೂ ಆಕ್ಷೇಪಣೆ ಇಲ್ಲಪ್ಪ. ಬಂದೋರಿಗೆ ಬರ್ಲಿ. ನಾನ್ಯಾಕೆ ಅವರ ಮೇಲೆ ತಕರಾರು ತೆಗೀಲಿ?” ಎಂದು ಹೊರಟೇಬಿಟ್ಟರು.

ಅವರು ಓದಿದ್ದು ಇದು:

“ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಅತಿವೃಷ್ಟಿಯಿಂದ ಶೇ. 33 ಹಾಗೂ ಮೇಲ್ಪಟ್ಟು ಬೆಳೆ ಹಾನಿಗೊಳಗಾದ ಫಲಾನುಭವಿಗಳ ಕರಡು ಪಟ್ಟಿಯನ್ನು ಪ್ರಚುರಪಡಿಸಲಾಗಿದ್ದು, ಸದರಿ ಪಟ್ಟಿಯ ಬಗ್ಗೆ ಆಕ್ಷೇಪಣೆಗಳೇನಾದರೂ ಇದ್ದಲ್ಲಿ ಪ್ರಕಟಣೆಯ ದಿನಾಂಕದಿಂದ 7 ದಿನಗಳೊಳಗಾಗಿ ಸೂಕ್ತ ದಾಖಲೆಗಳೊಂದಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತದನಂತರ ಸ್ವೀಕೃತವಾಗುವ ಆಕ್ಷೇಪಣೆಗಳನ್ನು ಪರಿಗಣಿಸಲಾಗುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.”

ಅಲ್ಲಿಯವರೆಗೂ ನನ್ನ ಲೆಕ್ಕ ಬೇರೆ ಇತ್ತು. ‘ಸದರಿ’, ‘ಪ್ರಚುರಪಡಿಸು’, ‘ತದನಂತರ’ ಇಂಥ ಪದಗಳೇ ತೊಂದರೆ ಅಂದುಕೊಂಡಿದ್ದೆ. ಅವುಗಳಿಂದ ನಿಜಕ್ಕೂ ಅಷ್ಟು ಕೆಟ್ಟದ್ದಾಗುವುದಿಲ್ಲ. ಅರ್ಥವಾಗದ ಪದ ಕಂಡರೆ ಜನ ಪಕ್ಕದವರನ್ನು ಕೇಳುತ್ತಾರೆ. ಅಜ್ಜನಿಗೆ ‘ಆಕ್ಷೇಪಣೆ’ ಅರ್ಥವಾಗಿತ್ತು. ಆದರೆ ಕಚೇರಿಯವರ ಅರ್ಥದಲ್ಲಲ್ಲ. ಕಚೇರಿಯಲ್ಲಿ ಅದು ‘ಪಟ್ಟಿಯಲ್ಲಿ ಏನಾದರೂ ತಪ್ಪಿದ್ದರೆ ಹೇಳಿ’ ಎಂಬ ಮಾತು. ಊರಲ್ಲಿ ಅದು ಜಗಳ. ಬದುವಿನ ಜಗಳ, ಭಾಗದ ಜಗಳ, ಮೊಕದ್ದಮೆ. ಅರ್ಥವಾಯಿತು ಅಂದುಕೊಂಡವರು ಯಾರನ್ನೂ ಕೇಳುವುದಿಲ್ಲ, ಸುಮ್ನೆ ಮನೆಗೆ ಹೋಗುತ್ತಾರೆ.

ಪಿಡಿಒ ಸಾಹೇಬರ ಹತ್ತಿರ ಹೋಗಿ ಹೇಳಿದೆ. “ಸುತ್ತೋಲೆ ನಾವು ತಿದ್ದೋ ಹಾಗಿಲ್ಲ. ಅದರ ಪಕ್ಕದಲ್ಲಿ ಬೇರೆ ಹಾಳೆ ಹಾಕೋಣ, ನೀವೇ ಬರೀರಿ. ನಾನು ನೋಡಿ ಸೀಲ್ ಹಾಕ್ತೀನಿ” ಎಂದರು. ಮೂಲ ಹಾಗೇ ಇರಬೇಕು, ನಮ್ಮ ಹಾಳೆಯಲ್ಲಿ ಸುತ್ತೋಲೆ ನಂಬರ್ ಮತ್ತು ತಾರೀಕು ಇರಬೇಕು ಅಂದರು. ಅದು ಸರಿಯೇ. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ನಿಲ್ಲುವುದು ಮೂಲ ಆದೇಶವೇ ಹೊರತು ನನ್ನ ಬರಹವಲ್ಲ.

ಬರೆಯಲು ಕೂತೆ. ಮೊದಲು ‘-ಲಾಗಿದೆ’, ‘-ಲಾಗುವುದಿಲ್ಲ’, ‘-ತಕ್ಕದ್ದು’ಗಳನ್ನು ತೆಗೆದೆ. ಇವನ್ನು ತೆಗೆದು ವಾಕ್ಯ ಬರೆಯಬೇಕಾದರೆ ಕೆಲಸ ಮಾಡುವವರು ಯಾರು ಎಂದು ಹೇಳಲೇಬೇಕು. ‘ಸಲ್ಲಿಸತಕ್ಕದ್ದು’ ಎನ್ನುವ ಕಡೆ ‘ಅರ್ಜಿ ಕೊಡಿ’ ಎಂದು ಬರೆದೆ. ಬರೆದ ತಕ್ಷಣ ಕೈ ನಿಂತಿತು. ಯಾರಿಗೆ ಕೊಡಬೇಕು? ಪಂಚಾಯಿತಿಗಾ, ನಾಡಕಚೇರಿಗಾ, ಕೃಷಿ ಇಲಾಖೆಗಾ? ಸುತ್ತೋಲೆಯನ್ನು ಮೂರು ಸಲ ಓದಿದೆ. ಎಲ್ಲೂ ಇಲ್ಲ! ‘ಸಲ್ಲಿಸತಕ್ಕದ್ದು’ ಎಂಬ ಗತ್ತಿನಲ್ಲಿ ಅದು ಬಿಟ್ಟುಹೋದದ್ದು ಬರೆದವರಿಗೂ ಗೊತ್ತಾಗಿಲ್ಲ, ಓದಿದ ನನಗೂ ಗೊತ್ತಾಗಿರಲಿಲ್ಲ.

ತಾರೀಕಿನದ್ದೂ ಅದೇ ಕತೆ. ‘ಪ್ರಕಟಣೆಯ ದಿನಾಂಕದಿಂದ 7 ದಿನ.’ ಕಾಗದದ ಮೇಲಿನ ತಾರೀಕು 12, ಬುಧವಾರ. ಬೋರ್ಡಿಗೆ ಹಾಕಿದ್ದು 14, ಶುಕ್ರವಾರ. ಹಾಗಾದರೆ ಕೊನೆ ದಿನ 19 ಅಥವಾ 21? ಗ್ರಾಮ ಆಡಳಿತಾಧಿಕಾರಿ ಮೇಡಂಗೆ ಫೋನ್ ಮಾಡಿದೆ. ಅವರು ಮೇಲಿನವರನ್ನು ಕೇಳಿ ಅರ್ಧ ಗಂಟೆ ಬಿಟ್ಟು ತಿರುಗಿ ಮಾಡಿದರು. ಕಾಗದದ ತಾರೀಕಿನಿಂದಲೇ ಲೆಕ್ಕ, ಅರ್ಜಿ ಅವರ ಕೈಗೇ. ‘ನವೆಂಬರ್ 19, ಬುಧವಾರ, ಸಂಜೆ 5 ಗಂಟೆಯೊಳಗೆ’ ಎಂದು ಬರೆದುಕೊಂಡೆ. ದಿನ ಎಣಿಸುವ ಕೆಲಸವನ್ನು ಓದುವವರಿಗೆ ಬಿಡಬಾರದು. ವಾರದ ಹೆಸರು ಹಾಕಿದರೆ ಇನ್ನೂ ಒಳ್ಳೆಯದು, ನಮ್ಮೂರಲ್ಲಿ ತಾರೀಕಿಗಿಂತ ವಾರವೇ ಜಾಸ್ತಿ ನೆನಪಿರುತ್ತದೆ.

‘ಸೂಕ್ತ ದಾಖಲೆಗಳು’ ಎನ್ನುವುದನ್ನೂ ಅವರಿಂದಲೇ ಬಿಡಿಸಿಕೊಂಡೆ. ಪಹಣಿ, ಆಧಾರ್ ಜೆರಾಕ್ಸ್, ಹೊಲದ ಫೋಟೊ ಇದ್ದರೆ ಅದು. ಕಚೇರಿ ಪದ ಅಂತ ಸಿಕ್ಕಿದ್ದನ್ನೆಲ್ಲ ಅಚ್ಚಗನ್ನಡ ಮಾಡಲು ನಾನು ಹೋಗಲಿಲ್ಲ. ಪಹಣಿ, ಸರ್ವೆ ನಂಬರ್, ಎಫ್‌ಐಡಿ ಇವೆಲ್ಲ ಊರಿನ ಬಾಯಲ್ಲಿ ಓಡಾಡುವ ಪದಗಳು. ಅವುಗಳ ಜಾಗಕ್ಕೆ ನಾನು ಹೊಸ ಪದ ಕಟ್ಟಿದರೆ ಅದೂ ಇನ್ನೊಂದು ಸುತ್ತೋಲೆ ಆಗುತ್ತದೆ.

ಮೊದಲ ಕರಡು ಹೀಗೆ ಬಂತು: “ಬೆಳೆ ಹಾಳಾಗಿದ್ದೂ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವೇ? ಬುಧವಾರದೊಳಗೆ ಅರ್ಜಿ ಕೊಡಿ. ಪರಿಹಾರ ಸಿಗುತ್ತದೆ.”

ಚೆನ್ನಾಗಿದೆ ಅಂದುಕೊಂಡು ಮೇಡಂಗೆ ಓದಿ ಹೇಳಿದೆ. ಅವರು ಆ ಕಡೆಯಿಂದ ಕೂಗಿಯೇಬಿಟ್ಟರು. “ಅಯ್ಯೋ, ಸಿಗುತ್ತದೆ ಅಂತ ಬರೆದ್ರೆ ಊರೆಲ್ಲ ನನ್ನ ಮುಂದೆ ಬಂದು ಕೂರುತ್ತೆ ಸಾರ್!” ಮೂಲದಲ್ಲಿ ಶೇ. 33 ಎಂಬ ಷರತ್ತು ಇತ್ತು. ಸರಳ ಮಾಡುವ ಭರದಲ್ಲಿ ನಾನು ಅದನ್ನೇ ಹಾರಿಸಿದ್ದೆ. ಬಿಗಿ ಮಾತು ತೆಗೆಯುವಾಗ ಷರತ್ತು ಕೂಡ ಜೊತೆಗೇ ಹೋಗಿಬಿಡುತ್ತದೆ. ಓದಲು ಸಲೀಸಾಗಿರುತ್ತದೆ, ಆದರೆ ಸುಳ್ಳಾಗಿರುತ್ತದೆ. ಮತ್ತೆ ಬರೆದೆ: “ಅರ್ಜಿ ಕೊಟ್ಟ ಮೇಲೆ ಅಧಿಕಾರಿಗಳು ಪರಿಶೀಲಿಸುತ್ತಾರೆ. ಬೆಳೆಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹಾಳಾಗಿದ್ದರೆ ಮಾತ್ರ ಪರಿಹಾರ.” 33ಕ್ಕೂ ಮೂರರಲ್ಲಿ ಒಂದಕ್ಕೂ ಕೂದಲೆಳೆ ವ್ಯತ್ಯಾಸ ಇದೆ, ಗೊತ್ತು. ಅದಕ್ಕೇ ಪಕ್ಕದಲ್ಲಿ ‘ಶೇ. 33’ ಅಂತಲೂ ಇಟ್ಟೆ. ಹೊಲದ ಅಂಚಿನಲ್ಲಿ ನಿಂತು ನೋಡುವವನಿಗೆ ಮೂರರಲ್ಲಿ ಒಂದು ಪಾಲು ಕಣ್ಣಿಗೆ ಕಾಣುತ್ತದೆ, ಶೇಕಡಾ ಕಾಣುವುದಿಲ್ಲ.

ಭಾನುವಾರ ಆ ಹಾಳೆಯನ್ನು ಸ್ವಸಹಾಯ ಸಂಘದ ಅಕ್ಕ ಒಬ್ಬರಿಗೆ ಕೊಟ್ಟು ಒಂದೇ ಸಲ ಓದಲು ಹೇಳಿದೆ. ‘ಅರ್ಥ ಆಯ್ತಾ?’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಯಾರಾದರೂ ‘ಆಯ್ತು’ ಅಂತಲೇ ಹೇಳುವುದು, ಇಲ್ಲ ಎನ್ನಲು ನಾಚಿಕೆ. ಹಾಳೆ ವಾಪಸ್ ತೆಗೆದುಕೊಂಡು, “ಈಗ ಏನು ಮಾಡ್ತೀರಿ ಅಕ್ಕಾ?” ಎಂದು ಕೇಳಿದೆ.

“ಬ್ಯಾಂಕಿಗೆ ಹೋಗ್ತೀನಿ” ಎಂದರು.

ತಪ್ಪು ನನ್ನದೇ. ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುವುದು, ಎರಡು ಮೂರು ಖಾತೆ ಇದ್ದವರಿಗೆ ಅದು ಯಾವುದು ಅಂತ ಗೊತ್ತಿರುವುದಿಲ್ಲ. ಉಪಕಾರವಾಗಲಿ ಎಂದು ಆ ಮಾತನ್ನು ಎರಡನೇ ಸಾಲಿಗೇ ಹಾಕಿದ್ದೆ. ಓದಿದವರಿಗೆ ಅದೇ ಮುಖ್ಯ ಕೆಲಸ ಅನ್ನಿಸಿತು. ಅದನ್ನು ಕೊನೆಗೆ ತಳ್ಳಿದೆ.

ಅಕ್ಕ ಇನ್ನೊಂದು ಮಾತು ಹೇಳಿದರು. “ನಮ್ದು ಎರಡೆಕರೆ ಹೋಗೈತೆ. ಪಟ್ಟಿಯಾಗೆ ಒಂದೆಕರೆನೂ ಬರ್ದಿಲ್ಲ, ಸೊನ್ನೆ ಎಂಬತ್ತೊಂದು ಅಂತ ಐತೆ. ಹೆಸರು ಇದ್ದೋರು ಅರ್ಜಿ ಕೊಡಂಗಿಲ್ವಾ?”

ಎರಡು ವಿಷಯ ಒಟ್ಟಿಗೆ ಸಿಕ್ಕವು. ಹೆಸರು ಬಿಟ್ಟುಹೋದವರ ಮೇಲಷ್ಟೇ ನನ್ನ ಗಮನವಿತ್ತು. ಹೆಸರಿದ್ದೂ ಅಳತೆಯೋ ಬೆಳೆಯೋ ತಪ್ಪಿರುವವರನ್ನು ನನ್ನ ಹಾಳೆ ಬಾಗಿಲಲ್ಲೇ ತಡೆದಿತ್ತು. ಇನ್ನು ಆ 0.81 ತಪ್ಪೇ ಅಲ್ಲ, ಪಟ್ಟಿ ಇದ್ದದ್ದು ಹೆಕ್ಟೇರಿನಲ್ಲಿ. 0.81 ಹೆಕ್ಟೇರ್ ಅಂದರೆ ಎರಡು ಎಕರೆ. ಎಕರೆ, ಗುಂಟೆಯಲ್ಲಿ ಬದುಕುವ ಊರಿಗೆ ಹೆಕ್ಟೇರಿನ ಪಟ್ಟಿ! ಸುತ್ತೋಲೆಯ ಮಾತೆಲ್ಲ ತಿದ್ದಿ ಪಟ್ಟಿಯನ್ನು ಹಾಗೇ ಬಿಟ್ಟಿದ್ದರೆ ಸರಿಯಾಗಿ ಬರೆದಿರುವ ಹೆಸರುಗಳ ಮೇಲೂ ಬುಧವಾರದೊಳಗೆ ಅರ್ಜಿ ಬೀಳುತ್ತಿದ್ದವು.

ಪಿಡಿಒ ಸಾಹೇಬರು ಒಂದು ಸಾಲು ಸೇರಿಸಿದರು. ಬೆಳೆ ಹಾಳಾಗದವರ ಹೆಸರು ಪಟ್ಟಿಯಲ್ಲಿದ್ದರೆ ಅದನ್ನೂ ಬರೆದು ಕೊಡಬಹುದು ಎಂದು. ನನಗೆ ಮನಸ್ಸಿರಲಿಲ್ಲ, ಅಜ್ಜ ಹೆದರಿದ ಜಗಳ ಅದೇ ತಾನೇ. ಆದರೆ ಮೂಲದ ಅರ್ಥದಲ್ಲಿ ಅದೂ ಇದೆ. ನನಗೆ ಇಷ್ಟವಿಲ್ಲ ಎಂದು ಬಿಡುವಂತಿಲ್ಲ. ಮೂರನೆಯದಾಗಿ ಇಟ್ಟೆ.

ಸೋಮವಾರ ಬೋರ್ಡಿಗೆ ಹೋದದ್ದು ಇದು. ದಪ್ಪ ಅಕ್ಷರ, ಒಂದೇ ಪುಟ:

“ಮಳೆಯಿಂದ ಬೆಳೆ ಹಾಳಾದವರ ಪಟ್ಟಿ ಪಕ್ಕದಲ್ಲಿದೆ. ಇದು ಕೊನೆಯ ಪಟ್ಟಿ ಅಲ್ಲ. ತಪ್ಪಿದ್ದರೆ ಸರಿಪಡಿಸಲು ಅರ್ಜಿ ಕೊಡಿ.

ನಿಮ್ಮ ಹೆಸರು ಬಿಟ್ಟುಹೋಗಿದ್ದರೆ ಕೊಡಿ. ಹೆಸರಿದ್ದು ಜಮೀನಿನ ಅಳತೆ, ಸರ್ವೆ ನಂಬರ್ ಅಥವಾ ಬೆಳೆ ತಪ್ಪಾಗಿದ್ದರೆ ಕೊಡಿ. ಬೆಳೆ ಹಾಳಾಗದವರ ಹೆಸರು ಸೇರಿದ್ದರೆ ಅದನ್ನೂ ಬರೆದು ಕೊಡಬಹುದು.

ಕೊನೆ ದಿನ: ನವೆಂಬರ್ 19, ಬುಧವಾರ, ಸಂಜೆ 5 ಗಂಟೆ. ಆಮೇಲೆ ಕೊಟ್ಟ ಅರ್ಜಿ ತೆಗೆದುಕೊಳ್ಳುವುದಿಲ್ಲ.

ಯಾರಿಗೆ: ಗ್ರಾಮ ಆಡಳಿತಾಧಿಕಾರಿಗೆ (ವಿಎ). ಜೊತೆಗೆ ಪಹಣಿ, ಆಧಾರ್ ಜೆರಾಕ್ಸ್ ತನ್ನಿ. ಹೊಲದ ಫೋಟೊ ಇದ್ದರೆ ತನ್ನಿ.

ಅರ್ಜಿಯನ್ನು ಅಧಿಕಾರಿಗಳು ಪರಿಶೀಲಿಸುತ್ತಾರೆ. ಮೂರರಲ್ಲಿ ಒಂದು ಪಾಲಾದರೂ (ಶೇ. 33) ಬೆಳೆ ಹಾಳಾಗಿದ್ದರೆ ಮಾತ್ರ ಪರಿಹಾರ.

ಪಟ್ಟಿಯಲ್ಲಿರುವ ಅಳತೆ ಹೆಕ್ಟೇರಿನದು. 0.40 ಅಂದರೆ 1 ಎಕರೆ, 0.81 ಅಂದರೆ 2 ಎಕರೆ, 1.21 ಅಂದರೆ 3 ಎಕರೆ.

ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ.”

‘ಆಕ್ಷೇಪಣೆ’ ಎಂಬ ಪದ ಅದರಲ್ಲಿ ಒಂದು ಕಡೆಯೂ ಇಲ್ಲ.

ಅಜ್ಜನ ಮನೆಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಓದಿದರು. “ಇದು ತಪ್ಪು ಸರಿ ಮಾಡ್ಸೋದು ಅಷ್ಟೇ ತಾನೇ? ಯಾರ ಮೇಲೂ ಅಲ್ಲ ತಾನೇ?” ಎಂದು ಎರಡು ಸಲ ಕೇಳಿ, ಮಂಗಳವಾರ ಮೊಮ್ಮಗನ ಮೊಬೈಲಿನ ಫೋಟೊ ಸಮೇತ ಅರ್ಜಿ ಕೊಟ್ಟರು. ಅಕ್ಕ ಲೆಕ್ಕ ನೋಡಿಕೊಂಡು ಅರ್ಜಿಯನ್ನೇ ಕೊಡಲಿಲ್ಲ. ಎರಡೂ ನನಗೆ ಒಂದೇ ಸಮ ಖುಷಿ ಕೊಟ್ಟವು.

ಆದರೆ ಒಬ್ಬ ಹುಡುಗ ಬೋರ್ಡ್ ಮುಂದೆ ನಿಂತು, “ಅಣ್ಣಾ, ಇದು ಸರ್ಕಾರದ್ದಾ, ನೀವು ಬರೆದು ಅಂಟಿಸಿದ್ದಾ?” ಎಂದು ಕೇಳಿದ. ಕೆಳಗೆ ಸೀಲು, ಸುತ್ತೋಲೆ ನಂಬರ್ ಎರಡೂ ಇದ್ದವು. ಆದರೂ ಅವನಿಗೆ ಅನುಮಾನ. ಸರ್ಕಾರ ಹೀಗೆ ಮಾತಾಡುವುದನ್ನು ಅವನು ನೋಡಿಯೇ ಇರಲಿಲ್ಲ.

ಮೇಡಂ ಅದೇ ಹಾಳೆಯನ್ನು ತಮ್ಮ ಇನ್ನೆರಡು ಊರುಗಳಿಗೂ ಬೇಕೆಂದು ವಾಟ್ಸಾಪಿನಲ್ಲಿ ತರಿಸಿಕೊಂಡರು. ಆಮೇಲೆ ಒಂದು ದಿನ ಆ ಕಡೆ ಹೋದಾಗ ಬೋರ್ಡ್ ನೋಡಿದೆ. ಎಲ್ಲ ಹಾಗೇ ಇತ್ತು. ಕಟ್ಟಕಡೆಗೆ ಮಾತ್ರ ಅವರೇ ಒಂದು ಸಾಲು ಸೇರಿಸಿದ್ದರು: “ಎಂದು ಈ ಮೂಲಕ ತಿಳಿಯಪಡಿಸಲಾಗಿದೆ.”

ಫೋನ್ ಮಾಡಿ ಕೇಳಿದೆ. “ಅದೊಂದು ಇರ್ಲಿ ಸಾರ್. ಇಲ್ಲಾಂದ್ರೆ ಯಾರೂ ನಂಬಲ್ಲ” ಎಂದು ನಕ್ಕರು.