ಬೋರ್‌ವೆಲ್ ಟ್ರೈಪಾಡ್ ಪ್ರಾಜೆಕ್ಟ್: ಪ್ರೆಸೆಂಟೇಶನ್ ನಂತರ ಬಂದ ಮೂರು ಪ್ರಶ್ನೆಗಳು

ಡಿಸೈನ್ ಪ್ರೆಸೆಂಟೇಶನ್ ಮುಗಿಯಿತು. ಸ್ಲೈಡುಗಳಿಗಿಂತ ಆಮೇಲೆ ಸಹಪಾಠಿಗಳು ಕೇಳಿದ ಪ್ರಶ್ನೆಗಳೇ ಹೆಚ್ಚು ಕೆಲಸಕ್ಕೆ ಬಂದವು. ಅವುಗಳಿಂದ ಡಿಸೈನಿನಲ್ಲಿ ಏನೇನು ಬದಲಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಲೆಕ್ಕದ ಹಿನ್ನೆಲೆ. 600 ಅಡಿ ಆಳದಲ್ಲಿರುವ ಪಂಪನ್ನು ಚೈನ್ ಪುಲ್ಲಿ ಹಾಕಿ ಎತ್ತಲು ಮೂರು ಕಾಲಿನ ಸ್ಟ್ಯಾಂಡ್ ಮಾಡುತ್ತಿದ್ದೇವೆ. ಎರಡಿಂಚಿನ ಜಿಐ ಪೈಪಿನ ಸಾಲೇ 900 ಕೆಜಿ ದಾಟುತ್ತದೆ. ಪಂಪಿನ ಎನ್‌ಆರ್‌ವಿ ಎಂಬ ಒಮ್ಮುಖ ಕವಾಟ ನೀರನ್ನು ಕೆಳಗಿಳಿಯಲು ಬಿಡದ ಕಾರಣ ಪೈಪಿನೊಳಗಿನ ಸುಮಾರು 400 ಕೆಜಿ ನೀರೂ ಜೊತೆಗೇ ಮೇಲೆ ಬರಬೇಕು. ಮೋಟರ್, ಪಂಪ್, ಕೇಬಲ್ ಸೇರಿಸಿ ಒಟ್ಟು 1500 ಕೆಜಿ ಎಂದು ಹಿಡಿದಿದ್ದೇವೆ. ಕಾಲುಗಳು 4 ಮೀಟರ್ ಉದ್ದ, ನೇರ ನಿಲುವಿನಿಂದ 20 ಡಿಗ್ರಿ ಓರೆ. ಹೊರವ್ಯಾಸ 48.3 ಮಿಮೀ, ದಪ್ಪ 3.2 ಮಿಮೀ ಇರುವ ಪೈಪ್. ಭಾರ ಸಮವಾಗಿ ಹಂಚಿಕೊಂಡರೆ ಒಂದೊಂದು ಕಾಲಿನ ಮೇಲೆ ಸುಮಾರು 5200 ನ್ಯೂಟನ್.

ಮೊದಲ ಪ್ರಶ್ನೆ ಸಿವಿಲ್ ವಿಭಾಗದ ಗೆಳತಿಯದು. "ಒಂದು ಕಡೆ ಸೇಫ್ಟಿ ಫ್ಯಾಕ್ಟರ್ 18 ಅಂತಿದೆ, ಇನ್ನೊಂದು ಕಡೆ 2.7 ಅಂತಿದೆ. ಸ್ಟ್ಯಾಂಡ್ ಒಂದೇ ಅಲ್ವಾ, ಯಾವುದನ್ನ ನಂಬೋದು?" ಎರಡೂ ಸರಿ. ಸೇಫ್ಟಿ ಫ್ಯಾಕ್ಟರ್ ಎಂದರೆ ವೈಫಲ್ಯದ ಮಿತಿ ಈಗ ಬೀಳುತ್ತಿರುವುದರ ಎಷ್ಟು ಪಟ್ಟು ಎಂಬ ಲೆಕ್ಕ. ಪೈಪಿನ ಲೋಹ ಜಗ್ಗಲು 210 ಮೆಗಾಪಾಸ್ಕಲ್ ಬೇಕು, ಕಾಲಿನಲ್ಲಿರುವ ಒತ್ತಡ ಬರೀ 11.5. ಹಾಗಾಗಿ 18. ಆದರೆ ಉದ್ದ, ಸಪೂರ ಕಾಲು ಲೋಹ ಜಗ್ಗುವವರೆಗೆ ಕಾಯುವುದಿಲ್ಲ, ಅದಕ್ಕೂ ಮೊದಲೇ ಪಕ್ಕಕ್ಕೆ ಬಾಗುತ್ತದೆ. ಈ ಬಕ್ಲಿಂಗ್‌ಗೆ ಆಯ್ಲರ್ ಸೂತ್ರ ಕೊಡುವ ಮಿತಿ 14,300 ನ್ಯೂಟನ್. ಆದ್ದರಿಂದ 2.7. ಇನ್ನೂ ಗಟ್ಟಿ ಉಕ್ಕು ತಂದರೆ 18 ಏರುತ್ತದೆ, 2.7 ಕದಲುವುದಿಲ್ಲ, ಯಾಕೆಂದರೆ ಆ ಸೂತ್ರದಲ್ಲಿ ಉಕ್ಕಿನ ಬಿಗುಪು ಇದೆಯೇ ಹೊರತು ಬಲ ಇಲ್ಲ. ಅದಕ್ಕೇ ಇನ್ನು ಮುಂದೆ ಯಾವ ರೀತಿಯ ವೈಫಲ್ಯಕ್ಕೆ ಎಂದು ಹೇಳದೆ ಒಂಟಿ ಸೇಫ್ಟಿ ಫ್ಯಾಕ್ಟರ್ ಬರೆಯಬಾರದು ಎಂದು ತಂಡದಲ್ಲಿ ತೀರ್ಮಾನಿಸಿದೆವು.

ಎರಡನೆಯದು ಹಳ್ಳಿಯಲ್ಲಿ ಮೋಟರ್ ಎತ್ತುವುದನ್ನು ನೋಡಿ ಬೆಳೆದ ಗೆಳೆಯನ ಪ್ರಶ್ನೆ, ನನ್ನ ಪ್ರಕಾರ ಅವತ್ತಿನ ಅತ್ಯುತ್ತಮ ಪ್ರಶ್ನೆ. "ಪಂಪ್ ಕೆಸರಲ್ಲೋ ಕಲ್ಲಲ್ಲೋ ಸಿಕ್ಕಾಕೊಂಡ್ರೆ? ಆಗ ಇಬ್ಬರು ನೇತು ಬಿದ್ದು ಎಳೀತಾರೆ." ಆಗ ಸ್ಟ್ಯಾಂಡಿನ ಮೇಲೆ ಬೀಳುವುದು ಪಂಪಿನ ತೂಕವಲ್ಲ, ಚೈನ್ ಪುಲ್ಲಿಯಿಂದ ಎಷ್ಟು ಎಳೆಯಲು ಸಾಧ್ಯವೋ ಅಷ್ಟೂ. ನಮ್ಮದು 2 ಟನ್ನಿನ ಪುಲ್ಲಿ. ಮಿತಿ ಮೀರಿ ಎಳೆದು 3 ಟನ್ ಮುಟ್ಟಿಸಿದರು ಎಂದುಕೊಳ್ಳಿ, 2.7 ಇದ್ದದ್ದು 1.37ಕ್ಕೆ ಇಳಿಯುತ್ತದೆ. ಅದೂ ಕಾಲು ಗೆರೆ ಎಳೆದಂತೆ ನೇರವಾಗಿದ್ದರೆ ಮಾತ್ರ. ಕಾಲಿನ ನಡುವೆ ಮೊದಲೇ 10 ಮಿಮೀ ಡೊಂಕಿದ್ದರೆ ಆ ಭಾರದಲ್ಲಿ ಅದು 37 ಮಿಮೀ ಆಗುತ್ತದೆ. ಪೈಪಿನ ಎರಡೂ ತುದಿಗೆ ದಾರ ಬಿಗಿದು ನಡುವಿನ ಸಂದನ್ನು ಅಳೆದರೆ ಡೊಂಕು ತಿಳಿಯುತ್ತದೆ. ಭಾರ ಹಾಕುವಾಗ ಆ ಸಂದು ಬೇಗಬೇಗ ಹಿಗ್ಗತೊಡಗಿದರೆ ಕೂಡಲೇ ಇಳಿಸಬೇಕು. ಈ ಪ್ರಶ್ನೆಯಿಂದಾಗಿ ಕಾಲನ್ನು 60.3 ಮಿಮೀ ವ್ಯಾಸ, 3.6 ಮಿಮೀ ದಪ್ಪದ ಪೈಪಿಗೆ ಬದಲಿಸಿದ್ದೇವೆ. ಬಕ್ಲಿಂಗ್ ಮಿತಿ 31,900 ನ್ಯೂಟನ್ನಿಗೆ ಏರಿತು, 3 ಟನ್ ಎಳೆದರೂ 3ರ ಆಸುಪಾಸಿನ ಫ್ಯಾಕ್ಟರ್ ಉಳಿಯುತ್ತದೆ. ತೂಕ ಜಾಸ್ತಿಯಾಯಿತು, ಹೊರುವುದಕ್ಕೆ ಕಷ್ಟ; ಆದರೂ ಇದರಲ್ಲಿ ರಾಜಿ ಬೇಡ ಅನಿಸಿತು.

ಮೂರನೆಯ ಪ್ರಶ್ನೆ ಚಿಕ್ಕದು, ಕಾಲುಗಳು ಹೊರಕ್ಕೆ ಜಾರದಂತೆ ಪಾದಗಳನ್ನು ಒಂದಕ್ಕೊಂದು ಕಟ್ಟುವ ಚೈನಿನ ಬಗ್ಗೆ: "ಪಾದಗಳಿಗೆ ಚೈನ್ ಕಟ್ಟೋದು ಮರೆತ್ರೆ?" ಓರೆ ಕಾಲು ನೆಲವನ್ನು ಹೊರಕ್ಕೂ ತಳ್ಳುತ್ತದೆ. 20 ಡಿಗ್ರಿಗೆ ಕಾಲು ಜಾರದೆ ನಿಲ್ಲಬೇಕಾದರೆ ಘರ್ಷಣಾಂಕ ಕನಿಷ್ಠ 0.364 ಇರಬೇಕು. ಒದ್ದೆಯಾದ ನಯ ಸಿಮೆಂಟಿನ ಮೇಲೆ ಕಬ್ಬಿಣದ ಪಾದಕ್ಕೆ 0.3 ಸಿಗುವುದೂ ಖಾತ್ರಿಯಿಲ್ಲ. ಹಾಗಾದರೆ ಫ್ಯಾಕ್ಟರ್ 1ಕ್ಕಿಂತ ಕಡಿಮೆ! ಈ ಲೆಕ್ಕದಲ್ಲಿ ಭಾರವೇ ಬರುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1500 ಕೆಜಿಗೆ ಜಾರುವ ಕಾಲು 100 ಕೆಜಿಗೂ ಜಾರುತ್ತದೆ, ಪೈಪ್ ಎಷ್ಟೇ ದಪ್ಪ ಮಾಡಿದರೂ ಉಪಯೋಗವಿಲ್ಲ. ಚೈನ್ ಕಟ್ಟಿದರೆ ಪಾದದಿಂದ ಪಾದಕ್ಕೆ ಅದರಲ್ಲಿ ಬರುವ ಸೆಳೆತ ಸುಮಾರು 105 ಕೆಜಿಯಷ್ಟೇ, ಪಂಪ್ ಸಿಕ್ಕಿಕೊಂಡು 3 ಟನ್ ಎಳೆದರೆ 210. ಇಷ್ಟು ಅಗ್ಗದ ಭಾಗ ಕೈತಪ್ಪಿ ಶೆಡ್‌ನಲ್ಲೇ ಉಳಿದುಬಿಡಬಾರದು. ಹಾಗಾಗಿ ಬಿಡಿ ಚೈನ್ ತೆಗೆದುಹಾಕಿ, ಪ್ರತಿ ಕಾಲಿಗೂ ಒಂದು ತುದಿ ವೆಲ್ಡ್ ಮಾಡಿದ ಚೈನ್ ಇಡುತ್ತಿದ್ದೇವೆ. ಇನ್ನೊಂದು ತುದಿಯ ಕೊಕ್ಕೆಯನ್ನು ಪಕ್ಕದ ಕಾಲಿನ ಕಣ್ಣಿಗೆ ಸಿಕ್ಕಿಸಿದರಾಯಿತು.

ಹೊಸ ಪೈಪ್ ಕತ್ತರಿಸಿ ಆಗಿದೆ, ಚೈನಿನ ಕಣ್ಣುಗಳ ವೆಲ್ಡಿಂಗ್ ಬಾಕಿ. ಆಮೇಲೆ 200 ಲೀಟರಿನ ಡ್ರಮ್ಮುಗಳಿಗೆ ನೀರು ತುಂಬಿಸಿ, ನೆಲದಿಂದ ಒಂದು ಗೇಣು ಮಾತ್ರ ಎತ್ತಿ, ಹಂತಹಂತವಾಗಿ 1900 ಕೆಜಿವರೆಗೆ ಪರೀಕ್ಷೆ. ಮೂರೂ ಕಾಲಿಗೆ ದಾರ ಬಿಗಿದಿರುತ್ತದೆ, ಪಾದಗಳ ಸುತ್ತ ಬಣ್ಣದ ಗುರುತು ಇರುತ್ತದೆ. ಪ್ರತಿ ಹಂತದಲ್ಲೂ ಸಂದು ಎಷ್ಟಾಯಿತು, ಗುರುತಿನಿಂದ ಪಾದ ಸರಿಯಿತೇ ಎಂಬುದನ್ನು ಮುಂದಿನ ಲಾಗ್‌ನಲ್ಲಿ ಹಾಕುತ್ತೇನೆ.