ಸಂಜೆ ಕುಣಿದ ಕರು ಮರುದಿನ ಯಾಕೆ ಸತ್ತಿತು?

"ಡಾಕ್ಟ್ರೇ, ನಿನ್ನೆ ಸಂಜೆ ಗೋಮಾಳದಿಂದ ಕುಣ್ಕೊಂಡು ಬಂದ ಕರು ಬೆಳಿಗ್ಗೆ ಕುಂಟ್ತಿತ್ತು, ಕತ್ತಲಾಗೋದ್ರೊಳಗೆ ಸತ್ತೇ ಹೋತು. ಬಡಕಲು ಕರುಗಳೆಲ್ಲ ಚೆನ್ನಾಗೇ ಅದಾವೆ. ಹಾವು ಮುಟ್ಟಿತಾ? ಆ ಸೂಜಿ ಹಾಕ್ಸಿದ್ರೆ ನಿಜವಾಗ್ಲೂ ಉಳೀತಿತ್ತಾ?"

ಹಾವಲ್ಲ, ಬಹುತೇಕ ಚಪ್ಪೆ ಬೇನೆ. ಅದರ ಲಸಿಕೆಯ ಸೂಜಿ ಮಳೆಗೆ ಮೊದಲೇ ಬಿದ್ದಿದ್ದರೆ ಉಳಿಯುವ ಸಾಧ್ಯತೆ ತುಂಬಾ ಜಾಸ್ತಿ ಇತ್ತು. ಯಾಕೆ ಅಂತ ಹೇಳೋಕೆ ಚಳ್ಳಕೆರೆ ಕಡೆಯ ಒಂದು ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತೇನೆ.

ಮೊದಲ ಮಳೆ ಬಿದ್ದು ಹುಲ್ಲು ಚಿಗುರಿದ್ದ ಜೂನ್ ತಿಂಗಳು. ಹದಿನಾಲ್ಕು ತಿಂಗಳ ಹಳ್ಳಿಕಾರ್ ಹೋರಿಗರು, ಮೈ ತುಂಬಿಕೊಂಡು ಮಿರಿಮಿರಿ ಅಂತಿತ್ತು. ಯಜಮಾನರು ಅದಕ್ಕೆ ಆಗಲೇ ಜೋಡಿ ಹುಡುಕುತ್ತಿದ್ದರು. ಬೆಳಿಗ್ಗೆ ಆರಕ್ಕೆ ಹಿಂಗಾಲು ಎಳೆಯುವುದನ್ನು ನೋಡಿ, ಉಳುಕಿರಬೇಕು ಅಂತ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದ್ದಾರೆ. ಹತ್ತಕ್ಕೆ ತೊಡೆ ಊದಿದೆ. ನನಗೆ ಫೋನ್ ಬಂದದ್ದು ಹನ್ನೊಂದಕ್ಕೆ, ನಾನು ಹೋಗಿ ಸೇರಿದ್ದು ಹನ್ನೆರಡೂವರೆಗೆ.

ಥರ್ಮಾಮೀಟರ್ ಇಟ್ಟೆ, 100 ಡಿಗ್ರಿ. "ಜ್ವರ ಇಳಿದೈತೆ ಅಲ್ವಾ ಸಾ?" ಅಂತ ಯಜಮಾನರ ಮುಖದಲ್ಲಿ ಸ್ವಲ್ಪ ಕಳೆ ಬಂತು. ನನಗೆ ಎದೆ ಧಸಕ್ ಅಂತು. ಈ ಬೇನೆಯಲ್ಲಿ ಶುರುವಿಗೆ ಜ್ವರ 106ರ ಆಸುಪಾಸಿಗೆ ಏರುತ್ತೆ, ಕರು ಸಾಯುವ ಹೊತ್ತು ಹತ್ತಿರ ಬಂದಾಗ ತಾನೇ ಇಳಿಯುತ್ತೆ. ಬಾವು ಕೂಡ ಹಾಗೆಯೇ. ಮೊದಲು ಬಿಸಿ ಇದ್ದು, ಮುಟ್ಟಿದರೆ ಕರು ಒದೆಯುತ್ತೆ, ಆಮೇಲೆ ನಡುಭಾಗ ತಣ್ಣಗಾಗಿ ನೋವೇ ಇರುವುದಿಲ್ಲ, ಯಾಕಂದ್ರೆ ಅಲ್ಲಿನ ಮಾಂಸ ಸತ್ತಿರುತ್ತೆ. ಬಾವಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದೆ. ಚರಚರ. ಶೇಂಗಾ ಸಿಪ್ಪೆ ತುಂಬಿದ ಚೀಲ ಒತ್ತಿದ ಹಾಗೆ. ಯಜಮಾನರ ಕೈಯನ್ನೂ ಅಲ್ಲೇ ಇಡಿಸಿದೆ. ಬೆರಳಿಂದ ತಟ್ಟಿದರೆ ತಮಟೆಯ ಸದ್ದು. ಕರು ಕಾಲು ಕೊಡವಲೂ ಇಲ್ಲ.

ಆ ಚರಚರ ಸದ್ದು ಚರ್ಮದ ಕೆಳಗೆ ಸೇರಿಕೊಂಡ ಗಾಳಿಯದು. ಉಳುಕಿದ ಕಾಲು ಊದಿದರೂ ಹೀಗೆ ಸದ್ದು ಮಾಡುವುದಿಲ್ಲ. ಮಂಡಲದ ಹಾವು ಕಚ್ಚಿದರೂ ಜೋರು ಬಾವು ಬರುತ್ತೆ, ಆದರೆ ಅದು ನೀರು ತುಂಬಿದ ಮೆತ್ತನೆ ಬಾವು, ಕಚ್ಚಿದ ಜಾಗದಿಂದ ರಕ್ತ ಜಿನುಗಬಹುದು.

ಗಾಳಿ ಎಲ್ಲಿಂದ ಬಂತು? ಕ್ಲಾಸ್ಟ್ರಿಡಿಯಂ ಶೋವಿಯೈ ಅನ್ನೋ ರೋಗಾಣು ಅದನ್ನು ಮಾಂಸದೊಳಗೇ ಹುಟ್ಟಿಸುತ್ತೆ. ಗಟ್ಟಿ ಕವಚದ ಬೀಜಾಣುವಾಗಿ ಮಣ್ಣಲ್ಲಿ ವರ್ಷಗಟ್ಟಲೆ ಬಿದ್ದಿರಬಲ್ಲದು, ನಮ್ಮ ಬಿಸಿಲು ಬರಗಾಲಕ್ಕೆಲ್ಲ ಜಗ್ಗುವುದಿಲ್ಲ. ಮಳೆ ಬಿದ್ದಾಗ ಮಣ್ಣಿನ ಜೊತೆ ಮೇಲೆ ಬಂದು ಹುಲ್ಲಿನ ಬುಡಕ್ಕೆ ಅಂಟುತ್ತೆ. ಎಳೆ ಹುಲ್ಲನ್ನು ಬುಡದವರೆಗೆ ಕಚ್ಚುವ ಕರು ಅದನ್ನೂ ನುಂಗುತ್ತೆ. ಕರುಳಿಂದ ರಕ್ತಕ್ಕೆ, ರಕ್ತದಿಂದ ತೊಡೆ ಭುಜದ ಮಾಂಸಕ್ಕೆ ಹೋಗಿ ಸುಮ್ನೆ ಕೂತಿರುತ್ತೆ. ಗಾಳಿಯಾಡುವ, ರಕ್ತ ಹರಿಯುವ ಮಾಂಸದಲ್ಲಿ ಅದಕ್ಕೆ ಬೆಳೆಯೋಕೆ ಆಗುವುದಿಲ್ಲ. ಒಂದು ದಿನ ಕರು ಎಲ್ಲೋ ಎಡವುತ್ತೆ, ಇನ್ನೊಂದು ಕರು ಗುದ್ದುತ್ತೆ, ಒಳಪೆಟ್ಟು ಬಿದ್ದ ಜಾಗಕ್ಕೆ ರಕ್ತ ಸರಿಯಾಗಿ ಹೋಗುವುದಿಲ್ಲ, ಆಗ ಇದಕ್ಕೆ ಹಬ್ಬ. ವಿಷ ಕಾರುತ್ತಾ, ಗಾಳಿ ಬಿಡುತ್ತಾ, ಮಾಂಸವನ್ನು ಕಪ್ಪಾಗಿಸುತ್ತಾ ಹೋಗುತ್ತೆ. ಕುಂಟಲು ಶುರುವಾಗಿ ಒಂದೆರಡು ದಿನದೊಳಗೆ ಸಾವು.

ಬಡಕಲು ಕರು ಬಿಟ್ಟು ಚೆನ್ನಾಗಿರೋದೇ ಯಾಕೆ ಸಾಯುತ್ತೆ ಅಂದರೆ, ಆರು ತಿಂಗಳಿಂದ ಎರಡು ವರ್ಷದೊಳಗೆ ಬೇಗ ಮೈ ತುಂಬುವ ಕರುವಿನ ಮಾಂಸದಲ್ಲಿ ಈ ರೋಗಾಣುವಿಗೆ ಬೇಕಾದ ಸಕ್ಕರೆ ಅಂಶ ಜಾಸ್ತಿ ಅನ್ನೋದು ಒಂದು ವಿವರಣೆ. ಪೂರ್ತಿ ಉತ್ತರ ಅದೇ ಅಂತ ನಾನು ಪಣ ಕಟ್ಟುವುದಿಲ್ಲ. ಆದರೆ ಮನೆಯಲ್ಲಿ ಎಲ್ಲರ ಕಣ್ಣು ಬಿದ್ದ ಕರುವೇ ಹೋಗುತ್ತೆ ಅನ್ನೋದಂತೂ ನಿಜ. ದೃಷ್ಟಿ ಆಯ್ತು ಅಂತ ಜನ ಹೇಳಿದರೆ ನನಗೆ ನಗು ಬರುವುದಿಲ್ಲ.

ಆ ಹೋರಿಗರುವಿಗೆ ಪೆನಿಸಿಲಿನ್ ಕೊಟ್ಟೆ, ರಕ್ತನಾಳಕ್ಕೂ ಕೊಟ್ಟೆ, ಬಾವಿನ ಸುತ್ತಲೂ ಕೊಟ್ಟೆ. ರೋಗಾಣುವನ್ನು ಕೊಲ್ಲುವ ಔಷಧ ಅದು, ಆದರೆ ಸತ್ತ ಮಾಂಸಕ್ಕೆ ರಕ್ತವೇ ಹೋಗದ ಮೇಲೆ ಔಷಧ ಹೋಗುವುದು ಹೇಗೆ? ರಕ್ತಕ್ಕೆ ಸೇರಿದ ವಿಷವನ್ನೂ ಅದು ವಾಪಸ್ ತೆಗೆಯುವುದಿಲ್ಲ. ಐದು ಗಂಟೆಗೆ ಕರು ಹೋಯಿತು. ಅದೇ ಕೊಟ್ಟಿಗೆಯ ಉಳಿದ ಮೂರಕ್ಕೂ ಜ್ವರ ನೋಡಿದೆ. ಒಂದು ಕಡಸಿಗೆ 105 ಇತ್ತು, ನಡಿಗೆ ಸ್ವಲ್ಪ ಬಿಗಿ, ಬಾವು ಇಲ್ಲ. ತಕ್ಷಣ ಪೆನಿಸಿಲಿನ್ ಶುರು ಮಾಡಿ ಐದು ದಿನ ಕೊಟ್ಟೆ, ಉಳಿಯಿತು. ಅದಕ್ಕೆ ಬಂದದ್ದು ಚಪ್ಪೆ ಬೇನೆಯೇ ಅಂತ ನನ್ನ ಹತ್ತಿರ ಸಾಕ್ಷಿ ಇಲ್ಲ. ಔಷಧ ಕೆಲಸ ಮಾಡೋದಿದ್ದರೆ ಆ ಹಂತದಲ್ಲಿ ಮಾತ್ರ ಅನ್ನೋದು ಗೊತ್ತು. ಎಣ್ಣೆ ತಿಕ್ಕುತ್ತಾ ಕಳೆದ ಐದು ಗಂಟೆಯ ಬೆಲೆ ಅಷ್ಟು.

ಸತ್ತ ಕರುವಿನ ಚರ್ಮ ಬಿಡಿಸಲು ಒಬ್ಬರು ಬಂದಿದ್ದರು, ನಾನು ಬಿಡಲಿಲ್ಲ. ಕೊಯ್ದರೆ ಬೀಜಾಣು ನೆಲಕ್ಕೆ ಚೆಲ್ಲಿ ಮುಂದಿನ ವರ್ಷಗಳ ಕರುಗಳಿಗೆ ಬಿತ್ತನೆ ಆದಂತೆ. ಇನ್ನೂ ಒಂದು ಭಯ ಇದೆ. ಬಾವು ಕೆಲವೊಮ್ಮೆ ಹೊರಗೆ ಕಾಣದೆ ಒಳಗೇ ಇರುತ್ತೆ, ಆಗ ದಿಢೀರ್ ಸತ್ತದ್ದು ಚಪ್ಪೆಯೋ ನೆರಡಿ ರೋಗವೋ ಅಂತ ಹೊರಗಿಂದ ಹೇಳೋಕಾಗಲ್ಲ. ನೆರಡಿ ಮನುಷ್ಯರಿಗೂ ಬರುತ್ತೆ. ಹಾಗಾಗಿ ಆರಡಿ ಗುಂಡಿ ತೆಗೆಸಿ, ಸುಣ್ಣ ಹಾಕಿ ಇಡಿಯಾಗಿ ಹೂಳಿಸಿದೆ. ಗೋಕಟ್ಟೆ ಪಕ್ಕ ಎಸೆದು ನಾಯಿಗಳಿಗೆ ಬಿಟ್ಟರೆ ಊರಿಡೀ ಹರಡುತ್ತೆ.

ಈಗ ಸೂಜಿಯ ಮಾತು. ಚಪ್ಪೆ ಲಸಿಕೆಯಲ್ಲಿ ಸತ್ತ ರೋಗಾಣು ಇರುತ್ತೆ, ಅದರಿಂದ ರೋಗ ಬರುವುದಿಲ್ಲ. ಸಾಮಾನ್ಯವಾಗಿ ಚರ್ಮದ ಕೆಳಗೆ 5 ಮಿಲಿ, ಕರುವಿಗೆ ಆರು ತಿಂಗಳು ತುಂಬಿದ ಮೇಲೆ ಮೊದಲ ಸಲ, ಆಮೇಲೆ ವರ್ಷಕ್ಕೊಂದು. ತೀರಾ ಎಳೆಗರುವಿಗೆ ಹಾಕಿದರೆ ಗಿಣ್ಣುಹಾಲಿನಿಂದ ಬಂದ ತಾಯಿಯ ಶಕ್ತಿಯೇ ಲಸಿಕೆಗೆ ಅಡ್ಡ ಬರುತ್ತೆ. ಮೈಯಲ್ಲಿ ಶಕ್ತಿ ಹುಟ್ಟೋಕೆ ಸುಮಾರು ಎರಡು ವಾರ ಬೇಕು. ಅದಕ್ಕೇ ಏಪ್ರಿಲ್ ಮೇ ಅಂತ ಗೋಗರೆಯೋದು, ಜೂನಲ್ಲಿ ಹುಲ್ಲು ಬಂದ ಮೇಲೆ ಅಲ್ಲ. ಬಾಟಲಿಯನ್ನು ಐಸ್ ಡಬ್ಬದಲ್ಲಿ ತಂಪಾಗಿ ತರಬೇಕು, ಹೆಪ್ಪುಗಟ್ಟಿಸಬಾರದು, ಎಳೆಯುವ ಮೊದಲು ಚೆನ್ನಾಗಿ ಅಲ್ಲಾಡಿಸಬೇಕು. ತಳದಲ್ಲಿ ಕೂತ ಮಡ್ಡಿಯಲ್ಲೇ ಲಸಿಕೆ ಇರೋದು.

"ಸೂಜಿ ಹಾಕ್ಸಿದ ನಾಲ್ಕೇ ದಿನಕ್ಕೆ ಸತ್ತೋತು" ಅನ್ನೋ ದೂರು ಸುಳ್ಳಲ್ಲ, ಆಗುತ್ತೆ. ಪಕ್ಕದ ಮನೆ ಕರು ಸತ್ತ ಮೇಲೆ ಓಡಿ ಬಂದು ಹಾಕಿಸಿದಾಗ, ಎರಡು ವಾರ ಮುಗಿಯುವ ಮೊದಲೇ ರೋಗ ಹಿಡಿದಿರುತ್ತೆ. ಹಳಿಯೋದು ಮಾತ್ರ ಸೂಜಿಯನ್ನ.

ಆ ಕೊಟ್ಟಿಗೆಗೆ ಮುಂದಿನ ವರ್ಷ ಮೇ ಮೊದಲ ವಾರ ನಾನೇ ಹೋಗಿ ನಾಲ್ಕು ಕರುಗಳಿಗೆ ಹಾಕಿದೆ. ಎರಡು ದಿನ ಬಿಟ್ಟು ಯಜಮಾನರ ಫೋನು. "ಸೂಜಿ ಹಾಕಿದ ಜಾಗ ಊದೈತೆ ಸಾ." ಕೈಯಿಟ್ಟು ಒತ್ತಿ ನೋಡಿ, ಚರಚರ ಅಂತದಾ ಅಂದೆ. ಸ್ವಲ್ಪ ಹೊತ್ತು ಸದ್ದಿಲ್ಲ, ಕೊಟ್ಟಿಗೆಗೆ ಹೋಗಿರಬೇಕು. "ಇಲ್ಲ ಸಾ, ಗಟ್ಟಿಗೈತೆ, ನಿಂಬೆಹಣ್ಣಿನಂಗೆ. ಮೇವು ತಿಂತೈತೆ." ಹಾಗಾದ್ರೆ ಬಿಡಿ, ಅದು ಮದ್ದಿನ ಗಂಟು, ತಾನೇ ಕರಗುತ್ತೆ ಅಂದೆ.